ಮೂರರವರೆಗೆ ಎಣಿಸೋ ರೈಫಲ್, ತಪ್ಪೋ ಲೆಕ್ಕ

ಇವತ್ತಿನ ಕಥೆ ಒಂದು ಪುಟ್ಟ ಹಲ್ಲುಗಾಲಿಯದ್ದು. ಅದು ಅಮೆರಿಕದ ಎಂ16ಎ2 ರೈಫಲ್ ಒಳಗಿತ್ತು.

ವಿಯೆಟ್ನಾಂ ಯುದ್ಧದಲ್ಲಿ ಸೈನಿಕರ ಕೈಲಿದ್ದದ್ದು ಎಂ16ಎ1. ಟ್ರಿಗರ್ ಒತ್ತಿ ಹಿಡಿದರೆ ಗುಂಡು ಹಾರ್ತಾನೇ ಇರುತ್ತೆ. 20 ಗುಂಡಿನ ಮ್ಯಾಗಜೀನ್ ಎರಡೇ ಸೆಕೆಂಡಲ್ಲಿ ಖಾಲಿ! ಮೊದಲ ಕೆಲವು ಗುಂಡುಗಳಾದ ಮೇಲೆ ನಳಿಕೆ ಗುರಿಯಿಂದ ಸರಿದುಬಿಡುತ್ತೆ, ಉಳಿದದ್ದೆಲ್ಲ ವ್ಯರ್ಥ. ಅದಕ್ಕೇ 1980ರ ದಶಕದಲ್ಲಿ ಬಂದ ಎಂ16ಎ2ರಲ್ಲಿ ಫುಲ್ ಆಟೋ ತೆಗೆದು, ಮೂರು ಗುಂಡಿನ ಬರ್ಸ್ಟ್ ಇಟ್ಟರು.

ಒಳಗೆ ಏನಾಗುತ್ತೆ ನೋಡೋಣ. ಸೆಮಿ ಆಟೋದಲ್ಲಿ ಟ್ರಿಗರ್ ಒತ್ತಿದಾಗ ಹ್ಯಾಮರ್ ಬಡಿದು ಗುಂಡು ಹಾರುತ್ತೆ. ಬೋಲ್ಟ್ ಹಿಂದೆ ಸರಿಯುವಾಗ ಹ್ಯಾಮರನ್ನು ಮತ್ತೆ ಹಿಂದಕ್ಕೆ ತಳ್ಳುತ್ತೆ. ಆಗಿನ್ನೂ ನಿಮ್ಮ ಬೆರಳು ಟ್ರಿಗರ್ ಮೇಲೇ ಇದೆ, ಅಲ್ವಾ? ಡಿಸ್ಕನೆಕ್ಟರ್ ಅನ್ನೋ ಕೊಕ್ಕೆ ಹ್ಯಾಮರನ್ನು ಹಿಡಿದುಕೊಳ್ಳುತ್ತೆ. ಬೆರಳು ಬಿಟ್ಟು ಮತ್ತೆ ಒತ್ತಿದರೆ ಮಾತ್ರ ಮುಂದಿನ ಗುಂಡು.

ಫುಲ್ ಆಟೋದಲ್ಲಿ ಆ ಕೊಕ್ಕೆಗೆ ಕೆಲಸ ಇಲ್ಲ. ಬೇರೊಂದು ಭಾಗ, ಬೋಲ್ಟ್ ಪೂರ್ತಿ ಮುಚ್ಚೋವರೆಗೆ ಮಾತ್ರ ಹ್ಯಾಮರನ್ನು ತಡೆದು, ಆಮೇಲೆ ತಾನೇ ಬಿಟ್ಟುಬಿಡುತ್ತೆ. ಸೆಲೆಕ್ಟ್ ಫೈರ್ ಅಂದ್ರೆ ಇಂಥ ವಿಧಾನಗಳಲ್ಲಿ ಬೇಕಾದ್ದನ್ನು ಒಂದು ಸ್ವಿಚ್‌ನಿಂದ ಆರಿಸಿಕೊಳ್ಳೋದು.

ಬರ್ಸ್ಟ್‌ನಲ್ಲಿ ನಮ್ಮ ಹಲ್ಲುಗಾಲಿ ಬರುತ್ತೆ. ಪ್ರತಿ ಗುಂಡಿಗೂ ಅದು ಒಂದು ಹಲ್ಲು ತಿರುಗುತ್ತೆ. ಮೂರನೇದಕ್ಕೆ ಆಳವಾದ ಕಚ್ಚು ಬರುತ್ತೆ, ಆಗ ಕೊಕ್ಕೆ ಹ್ಯಾಮರನ್ನು ಹಿಡಿಯುತ್ತೆ.

ಸಮಸ್ಯೆ ಎಲ್ಲಿ ಗೊತ್ತಾ? ಬೆರಳು ತೆಗೆದರೂ ಈ ಗಾಲಿ ಸೊನ್ನೆಗೆ ಹೋಗಲ್ಲ. ಸೈನಿಕ ಎರಡು ಗುಂಡಾದ ಮೇಲೆ ಬೆರಳು ಬಿಟ್ಟ ಅಂದ್ಕೊಳ್ಳಿ. ಮುಂದೆ ಶತ್ರು ಎದುರಾದಾಗ ಒತ್ತುತ್ತಾನೆ, ಹಾರೋದು ಒಂದೇ ಗುಂಡು! ಗಾಲಿಗೆ ಅದು ಹಳೇ ಲೆಕ್ಕದ ಮೂರನೇದು. ಇನ್ನೊಂದು ತೊಂದರೆ: ಸೆಮಿಯಲ್ಲೂ ಗಾಲಿ ತಿರುಗ್ತಾನೇ ಇರುತ್ತೆ. ಹಾಗಾಗಿ ಟ್ರಿಗರ್ ಒತ್ತಡ ಪ್ರತಿ ಸಲ ಒಂದೇ ಥರ ಇರಲ್ಲ, ನಿಖರವಾಗಿ ಗುರಿ ಇಡೋನಿಗೆ ಇದು ಕಿರಿಕಿರಿ.

ನಮ್ಮ ಇನ್ಸಾಸ್ ರೈಫಲ್‌ಗೂ ಮೂರು ಗುಂಡಿನ ಬರ್ಸ್ಟ್ ಕೊಟ್ಟಿದ್ದರು. ಅಮೆರಿಕದ ಸೇನೆ ಮಾತ್ರ ಕೊನೆಗೆ ಎಂ4ಎ1ರ ಮೂಲಕ ಫುಲ್ ಆಟೋಗೇ ವಾಪಸ್ ಹೋಯ್ತು. ಎಣಿಸೋ ಕೆಲಸ ಗಾಲಿಯಿಂದ ಮತ್ತೆ ಸೈನಿಕನ ಬೆರಳಿಗೇ ಬಂತು. ಅಂದ್ರೆ ಗಾಲಿ ಉಳಿಸಿದ ಗುಂಡಿನ ಖರ್ಚನ್ನ ಈಗ ತರಬೇತಿಯಲ್ಲಿ ತುಂಬಬೇಕು.