ತಿರುಳಿನ ಬಲ: ಕಣ್ಣಿನ ಮಸೂರದ ಸೂಚ್ಯಂಕ ಇಳಿಜಾರು ಮತ್ತು ಹೈದರಾಬಾದಿನ ಕ್ರಿಸ್ಟಲಿನ್ ಸಂಶೋಧನೆ

ಶಾಲೆಯ ಭೌತಶಾಸ್ತ್ರದಲ್ಲಿ ಮಸೂರವೆಂದರೆ ಎರಡು ಬಾಗಿದ ಮೈಗಳು. ಬೆಳಕು ಒಳಹೊಗುವಾಗ ಒಮ್ಮೆ, ಹೊರಬರುವಾಗ ಇನ್ನೊಮ್ಮೆ ದಿಕ್ಕು ಬದಲಿಸುತ್ತದೆ. ನಡುವಿನ ಗಾಜಿನಲ್ಲಿ ನೇರವಾಗಿ ಸಾಗುತ್ತದೆ. ಈ ಚಿತ್ರವನ್ನು ಮನುಷ್ಯನ ಕಣ್ಣಿನ ಮಸೂರಕ್ಕೆ ಹಚ್ಚಿದರೆ ಲೆಕ್ಕ ಕೂಡಿಬರುವುದಿಲ್ಲ. ಅಲ್ಲಿ ವಕ್ರೀಭವನ ಸೂಚ್ಯಂಕ ಅಂಚಿನಲ್ಲಿ ಕಡಿಮೆ, ತಿರುಳಿನಲ್ಲಿ ಹೆಚ್ಚು; ಕಿರಣ ಮಸೂರದೊಳಗೂ ಬಾಗುತ್ತಲೇ ಹೋಗುತ್ತದೆ. ಹೈದರಾಬಾದಿನ ಕೋಶೀಯ ಮತ್ತು ಅಣುಜೀವವಿಜ್ಞಾನ ಕೇಂದ್ರದಲ್ಲಿ (ಸಿಸಿಎಂಬಿ) ಈ ಮಸೂರದ ಪ್ರೋಟೀನುಗಳ ಮೇಲೆ ನಡೆದ ಕೆಲಸವನ್ನು ಸಾಮಾನ್ಯವಾಗಿ ಕಣ್ಣಿನ ಪೊರೆಯ ಜೀವರಸಾಯನವೆಂದೇ ಓದಲಾಗುತ್ತದೆ. ಅದನ್ನು ದೃಗ್ವಿಜ್ಞಾನವಾಗಿಯೂ ಓದಬೇಕು ಎಂಬುದು ಈ ಲೇಖನದ ವಾದ. ಮಸೂರದ ಬಲದಲ್ಲಿ ಸುಮಾರು ಮೂರನೆಯ ಒಂದು ಪಾಲು ಅದರ ಮೈಯಲ್ಲಿಲ್ಲ, ಒಳಗಿನ ಪ್ರೋಟೀನಿನ ಸಾಂದ್ರತೆಯ ಇಳಿಜಾರಿನಲ್ಲಿದೆ. ಆ ಸಾಂದ್ರತೆಯಲ್ಲಿ ಪ್ರೋಟೀನು ಕರಗಿಯೇ ಉಳಿಯುವುದು ಹೇಗೆ ಎಂಬ ಪ್ರಶ್ನೆ ಆದ್ದರಿಂದ ಮಸೂರದ ಬಲದ ಪ್ರಶ್ನೆಯೂ ಹೌದು.

ಸೂಚ್ಯಂಕ ಮೆಲ್ಲಗೆ ಬದಲಾಗುವ ಮಾಧ್ಯಮದಲ್ಲಿ ಕಿರಣ ಯಾವಾಗಲೂ ಹೆಚ್ಚು ಸೂಚ್ಯಂಕದ ಕಡೆಗೆ ಬಾಗುತ್ತದೆ. ಬೇಸಿಗೆಯ ಡಾಂಬರು ರಸ್ತೆಯ ಮೇಲೆ ಕಾಣುವ ಬಿಸಿಲ್ಗುದುರೆಯಲ್ಲಿ ಆಗುವುದು ಇದೇ: ನೆಲಕ್ಕೆ ಹತ್ತಿದ ಬಿಸಿಗಾಳಿಯ ಸೂಚ್ಯಂಕ ಕಡಿಮೆ, ಮೇಲಿನ ತಂಪುಗಾಳಿಯದು ಹೆಚ್ಚು, ಹಾಗಾಗಿ ಕೆಳಗಿಳಿದ ಕಿರಣ ಮತ್ತೆ ಮೇಲಕ್ಕೆ ಬಾಗಿ ಕಣ್ಣಿಗೆ ಬರುತ್ತದೆ. ಬಾಗುವಿಕೆಯ ಪ್ರಮಾಣವನ್ನು ಎಣಿಸುವುದೂ ಸುಲಭ. ಕಿರಣಕ್ಕೆ ಅಡ್ಡವಾಗಿ ಸೂಚ್ಯಂಕ ಎಷ್ಟು ಬೇಗ ಬದಲಾಗುತ್ತದೆಯೋ ಆ ದರದಿಂದ ಸೂಚ್ಯಂಕವನ್ನು ಭಾಗಿಸಿದರೆ ಕಿರಣದ ಬಾಗಿನ ತ್ರಿಜ್ಯ ಸಿಗುತ್ತದೆ. ಮಸೂರದ ಮಧ್ಯರೇಖೆಯಿಂದ ತುಸು ದೂರದಲ್ಲಿ ಸೂಚ್ಯಂಕ ಮಿಲಿಮೀಟರಿಗೆ 0.01ರಂತೆ ಇಳಿಯುತ್ತದೆ ಎಂದುಕೊಳ್ಳೋಣ. 1.4 ಅನ್ನು 0.01ರಿಂದ ಭಾಗಿಸಿದರೆ 140 ಮಿ.ಮೀ. ಅಷ್ಟು ದೊಡ್ಡ ವೃತ್ತದ ಕಂಸದ ಮೇಲೆ ಕಿರಣ 2.4 ಮಿ.ಮೀ. ದಪ್ಪದ ತಿರುಳನ್ನು ದಾಟಿದರೆ ಅದರ ದಿಕ್ಕು ಸುಮಾರು ಒಂದು ಡಿಗ್ರಿಯಷ್ಟು ಬದಲಾಗುತ್ತದೆ. ಒಂದು ಡಿಗ್ರಿ ಎಂದರೆ ಹೆಚ್ಚೇನಲ್ಲ ಅನಿಸಬಹುದು. ಆದರೆ ಮಸೂರ ಇರುವುದು ಗಾಳಿಯಲ್ಲಲ್ಲ, ಹೆಚ್ಚುಕಡಿಮೆ ತನ್ನಷ್ಟೇ ಸೂಚ್ಯಂಕವಿರುವ ದ್ರವದ ನಡುವೆ. ಅದರ ಮೈಗಳು ಕಿರಣವನ್ನು ಬಾಗಿಸುವುದೂ ಕೆಲವೇ ಡಿಗ್ರಿಗಳಷ್ಟು. ಆ ಲೆಕ್ಕದಲ್ಲಿ ಒಂದು ಡಿಗ್ರಿ ದೊಡ್ಡ ಪಾಲು.

ಎಷ್ಟು ದೊಡ್ಡ ಪಾಲು ಎಂಬುದನ್ನು ಸ್ವೀಡನ್ನಿನ ನೇತ್ರವೈದ್ಯ ಆಲ್ವಾರ್ ಗುಲ್‌ಸ್ಟ್ರಾಂಡ್ ಕೊಟ್ಟ ಮಾದರಿ ಕಣ್ಣಿನಿಂದ ನೋಡಬಹುದು. ಕಣ್ಣಿನ ದೃಗ್ವಿಜ್ಞಾನಕ್ಕಾಗಿ ಅವನಿಗೆ 1911ರಲ್ಲಿ ನೊಬೆಲ್ ಬಹುಮಾನ ಬಂತು. ಮೆಲ್ಲಗೆ ಬದಲಾಗುವ ಸೂಚ್ಯಂಕವನ್ನು ಅವನು ಲೆಕ್ಕದ ಅನುಕೂಲಕ್ಕೆ ಎರಡು ಮೆಟ್ಟಿಲು ಮಾಡಿದ: ಹೊರಪದರಕ್ಕೆ 1.386, ತಿರುಳಿಗೆ 1.406. ವಿಶ್ರಾಂತ ಮಸೂರದ ಮುಂಭಾಗದ ತ್ರಿಜ್ಯ 10 ಮಿ.ಮೀ., ಹಿಂಭಾಗದ್ದು 6 ಮಿ.ಮೀ., ದಪ್ಪ 3.6 ಮಿ.ಮೀ.; ಸುತ್ತಲಿನ ದ್ರವದ ಸೂಚ್ಯಂಕ 1.336. ಈಗ ಮುಂಭಾಗದ ಬಲ 5 ಡಯಾಪ್ಟರ್, ಹಿಂಭಾಗದ ಬಲ 8.33 ಡಯಾಪ್ಟರ್, ಎರಡೂ ಸೇರಿ 13.3ರಷ್ಟು. ಒಳಗಿನ ತಿರುಳು ಇನ್ನಷ್ಟು ದುಂಡಗಿದೆ, ಅದರ ತ್ರಿಜ್ಯಗಳು 7.9 ಮತ್ತು 5.76 ಮಿ.ಮೀ. ಹೊರಪದರದೊಳಗೆ ಕೂತ ಈ ಪುಟ್ಟ ಮಸೂರ ತಾನೊಂದೇ ಸುಮಾರು 6 ಡಯಾಪ್ಟರ್ ಕೊಡುತ್ತದೆ. ದಪ್ಪದ ತಿದ್ದುಪಡಿ ಕಳೆದರೆ ಒಟ್ಟು ಬಲ 19.11 ಡಯಾಪ್ಟರ್. ಇದೇ ಆಕಾರದ ಮಸೂರವನ್ನು ಒಂದೇ ಸೂಚ್ಯಂಕದ ವಸ್ತುವಿನಿಂದ ಮಾಡಿ ಇಷ್ಟೇ ಬಲ ಪಡೆಯಬೇಕಾದರೆ ಆ ವಸ್ತುವಿನ ಸೂಚ್ಯಂಕ 1.4085 ಇರಬೇಕಾಗುತ್ತದೆ. ಅಂದರೆ ಮಸೂರದ ಯಾವ ಬಿಂದುವಿನಲ್ಲೂ ಇಲ್ಲದಷ್ಟು. ಇಡೀ ಮಸೂರವನ್ನು ತಿರುಳಿನ ವಸ್ತುವಿನಿಂದಲೇ ತುಂಬಿದರೂ 18.46 ಡಯಾಪ್ಟರ್ ಮಾತ್ರ ದಕ್ಕುತ್ತದೆ. ಅಂಚಿನಲ್ಲಿ ಸೂಚ್ಯಂಕ ತಗ್ಗಿಸಿದರೆ ಒಟ್ಟು ಬಲ ಹೆಚ್ಚುತ್ತದೆ ಎಂಬ ಈ ವಿಚಿತ್ರ ಫಲಿತಾಂಶ ಇಳಿಜಾರಿನ ಹೊರತು ಬೇರೆ ಯಾವುದರಿಂದಲೂ ಬರಲಾರದು.

ಇಲ್ಲಿ ಒಂದು ಆಕ್ಷೇಪ ಸಹಜ. ಗುಲ್‌ಸ್ಟ್ರಾಂಡನ ಎರಡು ಮೆಟ್ಟಿಲು ಅವನೇ ಆರಿಸಿಕೊಂಡ ಸಂಖ್ಯೆಗಳು. ಮಾದರಿಯಿಂದ ಹೊರಟು ಮಾದರಿಯನ್ನೇ ಸಾಧಿಸಿದಂತಾಗಲಿಲ್ಲವೇ? ಅವನ ಸಂಖ್ಯೆಗಳನ್ನು ನೆಚ್ಚದ ಸಾಕ್ಷ್ಯಗಳೂ ಇವೆ. ಮೊದಲನೆಯದು ಮೀನಿನ ಕಣ್ಣು. ಅದರ ಮಸೂರ ಪೂರ್ತಿ ಗುಂಡು. ಕೇಂದ್ರದಿಂದ ಅದರ ನಾಭಿದೂರ ತ್ರಿಜ್ಯದ ಎರಡೂವರೆ ಪಟ್ಟಿನಷ್ಟು ಎಂದು ಮಾಥಿಸನ್ 19ನೇ ಶತಮಾನದಲ್ಲೇ ತೋರಿಸಿದ್ದ. ಏಕರೂಪ ಗೋಲವೊಂದು ನೀರಿನಲ್ಲಿ ಹೀಗೆ ವರ್ತಿಸಬೇಕಾದರೆ ಅದರ ಸೂಚ್ಯಂಕ 1.67ರಷ್ಟಿರಬೇಕು. ಯಾವ ಪ್ರೋಟೀನ್ ದ್ರಾವಣಕ್ಕೂ ಅದು ನಿಲುಕುವ ಸಂಖ್ಯೆಯಲ್ಲ. ಎರಡನೆಯದು ವಯಸ್ಸಿನ ಸಾಕ್ಷ್ಯ. ವರ್ಷ ಕಳೆದಂತೆ ಮನುಷ್ಯನ ಮಸೂರ ದಪ್ಪವಾಗುತ್ತದೆ, ಅದರ ಮೈ ಇನ್ನಷ್ಟು ದುಂಡಗಾಗುತ್ತದೆ. ಮೈಯೇ ಎಲ್ಲವೂ ಆಗಿದ್ದರೆ ಬಲ ಹೆಚ್ಚಿ, ಐವತ್ತು ದಾಟಿದವರೆಲ್ಲ ಸಮೀಪದೃಷ್ಟಿಗೆ ತಿರುಗಬೇಕಿತ್ತು. ಆಗುವುದು ಹಾಗಲ್ಲ, ಚಾಳೀಸು ಬಂದು ಓದಲು ಕನ್ನಡಕ ಬೇಕಾಗುತ್ತದೆ, ದೂರದ ನೋಟ ಮಾತ್ರ ಬಹುಮಟ್ಟಿಗೆ ಹಾಗೇ ಇರುತ್ತದೆ. ಮಸೂರದ ವಿರೋಧಾಭಾಸವೆಂದು ಹೆಸರಾದ ಈ ಗಂಟನ್ನು ಬಿಡಿಸಿದ್ದು ಎಂಆರ್‌ಐ ಅಳತೆಗಳು. ವಯಸ್ಸಾದ ಮಸೂರದಲ್ಲಿ ನಡುವಿನ ಸಮತಟ್ಟು ಭಾಗ ಹಿಗ್ಗಿ, ಇಳಿಜಾರು ಅಂಚಿನ ತೆಳುಪಟ್ಟಿಗೆ ಸರಿಯುತ್ತದೆ ಎಂದು ಅವು ತೋರಿಸಿದವು. ಮೇಲಿನ ಲೆಕ್ಕವೂ ಅದನ್ನೇ ಹೇಳುತ್ತದೆ: ತಿರುಳು ಹಿಗ್ಗಿದಂತೆ 19.11 ಎಂಬುದು 18.46ರ ಕಡೆಗೆ ಇಳಿಯಬೇಕು. ಮೈ ಗಳಿಸಿದ್ದನ್ನು ಇಳಿಜಾರು ಕಳೆಯುತ್ತದೆ.

ಈ ಇಳಿಜಾರು ಎಲ್ಲಿಂದ ಬಂತು? ಗಾಜಿನ ಕಡ್ಡಿಯಲ್ಲಿ ಇಂಥದ್ದನ್ನು ಮಾಡಬೇಕಾದರೆ ಅದನ್ನು ಕರಗಿದ ಲವಣದಲ್ಲಿ ಅದ್ದಿ, ಒಂದು ಲೋಹದ ಅಯಾನುಗಳು ಹೊರಬಂದು ಇನ್ನೊಂದರವು ಒಳಸೇರುವಂತೆ ಮಾಡುತ್ತಾರೆ. ಕಣ್ಣಿನಲ್ಲಿ ಅದು ಬೆಳವಣಿಗೆಯಿಂದಲೇ ಬರುತ್ತದೆ. ಮಸೂರದ ಅಂಚಿನ ಕೋಶಗಳು ಉದ್ದುದ್ದ ತಂತುಗಳಾಗಿ ಹಳೆಯ ತಂತುಗಳ ಮೇಲೆ ಪದರಪದರವಾಗಿ ಕೂರುತ್ತವೆ. ಹಳೆಯದು ಯಾವುದೂ ಉದುರಿಹೋಗುವುದಿಲ್ಲ. ಒಳಗಿನ ತಂತುಗಳು ತಮ್ಮ ಕೋಶಕೇಂದ್ರವನ್ನೂ ಇತರ ಅಂಗಕಗಳನ್ನೂ ಕಳೆದುಕೊಂಡು, ನೀರು ಬಿಟ್ಟು ಒತ್ತೊತ್ತಾಗುತ್ತವೆ. ಉಳಿಯುವುದು ಮುಖ್ಯವಾಗಿ ಆಲ್ಫಾ, ಬೀಟಾ, ಗಾಮಾ ಎಂಬ ಕ್ರಿಸ್ಟಲಿನ್ ಪ್ರೋಟೀನುಗಳು. ಪ್ರೋಟೀನ್ ದ್ರಾವಣದ ಸೂಚ್ಯಂಕವನ್ನು n = 1.334 + 0.19 c ಎಂದು ಸ್ಥೂಲವಾಗಿ ಬರೆಯಬಹುದು. ಇಲ್ಲಿ c ಎಂದರೆ ಒಂದು ಮಿಲಿಲೀಟರಿನಲ್ಲಿರುವ ಪ್ರೋಟೀನಿನ ಗ್ರಾಂ. ಹೊರಪದರದ 1.386ಕ್ಕೆ ಮಿಲಿಲೀಟರಿಗೆ 0.27 ಗ್ರಾಂ ಬೇಕು, ತಿರುಳಿನ 1.406ಕ್ಕೆ 0.38 ಗ್ರಾಂ. ತಿರುಳಿನಲ್ಲಿ ಹೆಚ್ಚಾಗಿರುವ ಗಾಮಾ ಕ್ರಿಸ್ಟಲಿನ್ ಗ್ರಾಮಿಗೆ ಸೂಚ್ಯಂಕವನ್ನು ಇತರ ಪ್ರೋಟೀನುಗಳಿಗಿಂತ ತುಸು ಹೆಚ್ಚೇ ಏರಿಸುವುದರಿಂದ ನಿಜವಾದ ಅಗತ್ಯ ಇನ್ನೂ ಸ್ವಲ್ಪ ಕಡಿಮೆ ಇದ್ದೀತು. ಏನಿದ್ದರೂ ಅದು ಬಹಳ ಗಟ್ಟಿ ದ್ರಾವಣ. ಅದರಲ್ಲೂ ನಡುವಿನ ಪ್ರೋಟೀನು ಹುಟ್ಟಿಗೆ ಮೊದಲೇ ತಯಾರಾದದ್ದು, ಬದಲಿ ಎಂಬುದೇ ಇಲ್ಲದ್ದು.

ಇಷ್ಟು ಗಟ್ಟಿಯಾದ ದ್ರಾವಣ ಹಾಲಿನಂತೆ ಬೆಳ್ಳಗಾಗದಿರುವುದಕ್ಕೆ ಭೌತಿಕ ಕಾರಣವನ್ನು ಡೆಲೇ ಮತ್ತು ಟಾರ್ಡ್ಯೂ 1983ರಲ್ಲಿ ತೋರಿಸಿದರು: ಅಣುಗಳು ಒತ್ತಾಗಿ ಕೂತಾಗ ಅವುಗಳ ನಡುವೆ ಹತ್ತಿರದ ಮಟ್ಟಿಗೆ ಒಂದು ಕ್ರಮ ಮೂಡುತ್ತದೆ, ಚದುರಿದ ಬೆಳಕು ಪರಸ್ಪರ ಕಳೆದುಹೋಗುತ್ತದೆ. ಅಣುಗಳು ಬಿಡಿಬಿಡಿಯಾಗಿ ಉಳಿದಿರುವ ತನಕ ಮಾತ್ರ ಈ ಕ್ರಮ. ಒಂದಷ್ಟು ಅಣುಗಳು ಮಡಿಕೆ ಬಿಚ್ಚಿ ಮುದ್ದೆಗಟ್ಟಿದರೆ ಅದು ಕೆಡುತ್ತದೆ. ಆಲ್ಫಾ ಕ್ರಿಸ್ಟಲಿನ್ ಇತರ ಪ್ರೋಟೀನುಗಳು ಹೀಗೆ ಮುದ್ದೆಗಟ್ಟದಂತೆ ಕಾಯುವ ಶಾಪರೋನ್ ಎಂದು ಅಮೆರಿಕದ ಜೋಸೆಫ್ ಹಾರ್ವಿಟ್ಜ್ 1992ರಲ್ಲಿ ತೋರಿಸಿದ ಮೇಲೆ, ಹೈದರಾಬಾದಿನ ಸಿಸಿಎಂಬಿಯಲ್ಲಿ ಸಿಎಚ್. ಮೋಹನ್ ರಾವ್, ಬಿ. ರಾಮನ್ ಮತ್ತು ಸಂಗಡಿಗರು ಆ ಕಾವಲು ಯಾವಾಗ ಕೆಲಸ ಮಾಡುತ್ತದೆ ಎಂಬ ಪ್ರಶ್ನೆ ಎತ್ತಿದರು. ಅವರ ಒಂದು ಪ್ರಯೋಗ ಸರಳ. ಇನ್ಸುಲಿನ್ನಿನ ಎರಡು ಸರಪಳಿಗಳನ್ನು ಹಿಡಿದಿರುವ ಗಂಧಕದ ಬಂಧಗಳನ್ನು ರಾಸಾಯನಿಕವೊಂದರಿಂದ ಕಡಿದರೆ ಬಿ ಸರಪಳಿ ಮುದ್ದೆಗಟ್ಟಿ ದ್ರಾವಣ ಕಲಕಾಗುತ್ತದೆ. ಚದುರುವ ಬೆಳಕನ್ನು ಅಳೆದು ಅದನ್ನು ಹಿಂಬಾಲಿಸಬಹುದು. ಆಲ್ಫಾ ಕ್ರಿಸ್ಟಲಿನ್ ಬೆರೆಸಿದಾಗ ಕಡಿಮೆ ಉಷ್ಣತೆಯಲ್ಲಿ ರಕ್ಷಣೆ ದುರ್ಬಲ. 30 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಅದು ಎದ್ದುಕಾಣುವಂತೆ ಹೆಚ್ಚುತ್ತದೆ. ಉಷ್ಣತೆ ಏರಿದಂತೆ ಆಲ್ಫಾ ಕ್ರಿಸ್ಟಲಿನ್ನಿನ ರಚನೆ ಸಡಿಲಗೊಂಡು, ನೀರಿಗೆ ಒಲ್ಲದ ಅದರ ಮೈಗಳು ಹೊರಬಂದು, ಬಿಚ್ಚಿಕೊಂಡ ಪ್ರೋಟೀನನ್ನು ಹಿಡಿದಿಟ್ಟುಕೊಳ್ಳುತ್ತವೆ ಎಂಬುದು ಅವರ ವಿವರಣೆ.

ಪರೀಕ್ಷಾನಳಿಕೆಯಲ್ಲಿ ಇದ್ದದ್ದು ತೆಳು ದ್ರಾವಣ, ಮಸೂರದ ಸಾಂದ್ರತೆ ಅದಕ್ಕಿಂತ ನೂರಾರು ಪಟ್ಟು. ಒಂದರಿಂದ ಇನ್ನೊಂದಕ್ಕೆ ಹಾರುವುದು ಸರಿಯೇ ಎಂದು ಕೇಳಬಹುದು. ಈ ಆಕ್ಷೇಪಕ್ಕೆ ತೂಕವಿದೆ. ನಳಿಕೆಯ ಫಲಿತಾಂಶದಿಂದ ಮಸೂರದ ಬಲವನ್ನು ಎಣಿಸಲು ಬರುವುದಿಲ್ಲ. ನನ್ನ ವಾದಕ್ಕೆ ಬೇಕಾದದ್ದೂ ಅಷ್ಟಲ್ಲ. ಇಳಿಜಾರು ಉಳಿಯಬೇಕಾದರೆ ತಿರುಳು ಅಂಚಿಗಿಂತ ಗಟ್ಟಿಯಾಗಿರಬೇಕು. ಗಟ್ಟಿಯಾದಷ್ಟೂ ಬಿಚ್ಚಿದ ಅಣು ಪಕ್ಕದ್ದಕ್ಕೆ ಅಂಟುವ ಅವಕಾಶ ಹೆಚ್ಚು. ತೆಳು ದ್ರಾವಣದಲ್ಲೇ ಮುದ್ದೆಗಟ್ಟುವ ಪ್ರೋಟೀನಿಗೆ ತಿರುಳಿನಲ್ಲಿ ಕಾವಲು ಇನ್ನೂ ಹೆಚ್ಚು ಬೇಕಾಗುತ್ತದೆಯೇ ಹೊರತು ಕಡಿಮೆಯಲ್ಲ. ಕಿರಣವನ್ನು ಬಾಗಿಸುವ ಸಾಂದ್ರತೆಯೇ ಪೊರೆಯ ಅಪಾಯವನ್ನೂ ಹೊತ್ತಿದೆ ಎಂಬುದು ಇದರ ತಾತ್ಪರ್ಯ.

ಈ ಎರಡು ಮುಖಗಳು ಒಟ್ಟಿಗೆ ಕಾಣಿಸುವ ಸ್ಥಿತಿಯೊಂದನ್ನು ಕಣ್ಣಿನ ವೈದ್ಯರು ದಿನವೂ ನೋಡುತ್ತಾರೆ. ಅರವತ್ತರ ಆಸುಪಾಸಿನ ಹಿರಿಯರೊಬ್ಬರು ಇದ್ದಕ್ಕಿದ್ದಂತೆ ಕನ್ನಡಕವಿಲ್ಲದೆ ಪತ್ರಿಕೆ ಓದತೊಡಗುತ್ತಾರೆ; ಕಣ್ಣು ಮತ್ತೆ ಚುರುಕಾಯಿತೆಂದು ಮನೆಯವರು ಹಿಗ್ಗುತ್ತಾರೆ. ಆದರೆ ದೂರದ ಬಸ್ಸಿನ ಬೋರ್ಡು ಮಂಜಾಗುತ್ತದೆ. ಇದು ತಿರುಳಿನ ಪೊರೆಯ ಮೊದಲ ಸೂಚನೆ. ಗುಲ್‌ಸ್ಟ್ರಾಂಡನ ಲೆಕ್ಕದಲ್ಲಿ ತಿರುಳಿನ ಸೂಚ್ಯಂಕ 0.001ರಷ್ಟು ಏರಿದರೆ ಮಸೂರದ ಬಲ 0.3 ಡಯಾಪ್ಟರ್ ಹೆಚ್ಚುತ್ತದೆ, 1.406 ಹೋಗಿ 1.413 ಆದರೆ ಎರಡು ಡಯಾಪ್ಟರಿನಷ್ಟು. ಕನ್ನಡಕದ ನಂಬರಿನಲ್ಲಿ ಅದು ತುಸು ಕಡಿಮೆಯಾಗಿ ಕಾಣುತ್ತದೆ, ಆದರೂ ಓದುವ ಕನ್ನಡಕವನ್ನು ಬದಿಗಿಡಲು ಸಾಕು. ಮೈಯ ಆಕಾರ ಒಂದಿಷ್ಟೂ ಬದಲಾಗದೆ, ಮೂರನೆಯ ದಶಮಾಂಶದ ವ್ಯತ್ಯಾಸವೊಂದೇ ಇದನ್ನು ಮಾಡಬಲ್ಲದು.

ಇನ್ನೊಂದು ಆಕ್ಷೇಪ ಆಸ್ಪತ್ರೆಯಿಂದಲೇ ಬರುತ್ತದೆ. ಹೈದರಾಬಾದಿನಲ್ಲಿ 1987ರಿಂದ ಇರುವ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಯಂಥ ಕಡೆ ಪೊರೆಯ ಶಸ್ತ್ರಚಿಕಿತ್ಸೆಯಲ್ಲಿ ಹಾಕುವ ಕೃತಕ ಮಸೂರ ಏಕರೂಪದ್ದು, ಅದರಲ್ಲಿ ಇಳಿಜಾರಿಲ್ಲ. ಆದರೂ ರೋಗಿಗೆ ಚೆನ್ನಾಗಿ ಕಾಣುತ್ತದೆ. ಹಾಗಾದರೆ ಇಳಿಜಾರು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಅಲ್ಲವೇ? ಬಿಂಬ ಮೂಡಲು ಇಳಿಜಾರು ಅನಿವಾರ್ಯವಲ್ಲ ಎಂಬುದನ್ನು ಒಪ್ಪಬೇಕು. ಆದರೆ ಕೃತಕ ಮಸೂರ ಆ ಬಲವನ್ನು ಪಡೆಯುವುದು 1.49 ಸೂಚ್ಯಂಕದ ಅಕ್ರಿಲಿಕ್ಕಿನಂಥ ವಸ್ತುವಿನಿಂದ. ನೀರು ಮತ್ತು ಪ್ರೋಟೀನಿನ ಜೀವಂತ ಅಂಗಾಂಶ ಅಲ್ಲಿಗೆ ಮುಟ್ಟಲಾರದು. ಜೊತೆಗೆ ಆ ಅಂಗಾಂಶ ಹತ್ತಿರದ ನೋಟಕ್ಕೆ ಆಕಾರ ಬದಲಿಸುವಷ್ಟು ಮೃದುವಾಗಿಯೂ ಇರಬೇಕು. ಕಡಿಮೆ ಸೂಚ್ಯಂಕದ ಮೃದು ವಸ್ತುವಿನಿಂದ ಹೆಚ್ಚು ಬಲ ತೆಗೆಯುವ ದಾರಿ ಇಳಿಜಾರು. ಏಕರೂಪದ ಸಾಮಾನ್ಯ ಕೃತಕ ಮಸೂರ ಹತ್ತಿರಕ್ಕೂ ದೂರಕ್ಕೂ ತನ್ನನ್ನು ಹೊಂದಿಸಿಕೊಳ್ಳಲಾರದು ಎಂಬುದು ಈ ವಾದಕ್ಕೆ ಪೂರಕವೇ.

ಇದರಿಂದ ಒಂದು ವ್ಯಾವಹಾರಿಕ ಸೂಚನೆಯೂ ಹೊರಡುತ್ತದೆ. ಪೊರೆಯನ್ನು ಕಲಕಿನ ಮಟ್ಟದಿಂದಲೇ ಅಳೆದರೆ ಸೂಚ್ಯಂಕದ ಬದಲಾವಣೆ ಲೆಕ್ಕಕ್ಕೆ ಸಿಗುವುದಿಲ್ಲ. ಕನ್ನಡಕದ ನಂಬರಿನ ಹಳೆಯ ಚೀಟಿಗಳು ಆ ಕೊರತೆಯನ್ನು ಒಂದಿಷ್ಟು ತುಂಬಬಲ್ಲವು. ಕಾರ್ನಿಯಾದ ಬಾಗು ಮತ್ತು ಕಣ್ಣುಗುಡ್ಡೆಯ ಉದ್ದ ಬದಲಾಗಿಲ್ಲವೆಂದು ಅಳೆದು ಖಚಿತಪಡಿಸಿಕೊಂಡಿದ್ದರೆ, ನಂಬರು ಮೈನಸ್ ಕಡೆಗೆ ನಿಧಾನವಾಗಿ, ಸತತವಾಗಿ ಸರಿಯುತ್ತಿರುವುದು ತಿರುಳಿನ ಸೂಚ್ಯಂಕ ಏರುತ್ತಿರುವುದರ ಗುರುತು. ಸಕ್ಕರೆ ಕಾಯಿಲೆಯವರಲ್ಲಿ ಮಾತ್ರ ಎಚ್ಚರ ಬೇಕು: ರಕ್ತದ ಸಕ್ಕರೆ ಏರಿಳಿದಂತೆ ಮಸೂರದ ನೀರಿನ ಪ್ರಮಾಣವೂ ಬದಲಾಗಿ ನಂಬರು ಕೆಲವು ವಾರ ಅತ್ತಿತ್ತ ಹೊಯ್ದಾಡುತ್ತದೆ. ಸಕ್ಕರೆ ಹತೋಟಿಗೆ ಬಂದು ನಂಬರು ನಿಂತ ಮೇಲಿನ ಅಳತೆಯನ್ನೇ ಎಣಿಸಬೇಕು.