ಟಿಪ್ಪುವಿನ ಆನೆ ಪೈಸೆ: 1226 ಅಂದ್ರೆ 1811 ಅಲ್ಲ

ಪುಣೆಯ ನಮ್ಮ ವೀಕ್ಷಕರೊಬ್ಬರು ತಾಮ್ರದ ನಾಣ್ಯವೊಂದರ ಎರಡು ಫೋಟೋ ಕಳಿಸಿದ್ರು. ಒಂದು ಕಡೆ ಆನೆ, ಇನ್ನೊಂದು ಕಡೆ ಪರ್ಷಿಯನ್ ಬರಹ. ಅಂಗಡಿಯವರು ನೋಡಿ, "ಇಸವಿ 1220ರ ಮೇಲಿದೆ. ಹಿಜರಿ ಲೆಕ್ಕದಲ್ಲಿ ಅದು 1805ರ ನಂತರ. ಟಿಪ್ಪು ತೀರಿಕೊಂಡಿದ್ದು 1799ರಲ್ಲಿ, ಹಾಗಾಗಿ ಇದು ನಕಲಿ" ಅಂದರಂತೆ. ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕಿದ್ದು, ಎಸೆದುಬಿಡ್ಲಾ ಅಂತ ಕೇಳಿದ್ರು.

ತಪ್ಪಿರೋದು ಆ ಲೆಕ್ಕದಲ್ಲಿ. ಟಿಪ್ಪು ಮೊದಲು ಹಿಜರಿ ಇಸವಿಯನ್ನೇ ಬಳಸ್ತಿದ್ದ. 1787ರ ಹೊತ್ತಿಗೆ ಪ್ರವಾದಿಯವರ ಜನನದಿಂದ ಎಣಿಸುವ ಮೌಲೂದಿ ಶಕೆಯನ್ನು ತಂದ. ಅದು ನಮ್ಮ ಸಂವತ್ಸರಗಳ ಜೊತೆಗೇ ನಡೆಯುತ್ತೆ. 1215ನೇ ವರ್ಷ ಅಂದ್ರೆ 1787–88. ಜೊತೆಗೆ ಅಂಕಿಗಳನ್ನೂ ಬಲದಿಂದ ಎಡಕ್ಕೆ ಬರೆಸಿದ. ಸಾಮಾನ್ಯವಾಗಿ ಪರ್ಷಿಯನ್ ಬರಹದಲ್ಲೂ ಅಂಕಿಗಳು ಎಡದಿಂದ ಬಲಕ್ಕೇ ಇರ್ತವೆ, ಅದಕ್ಕೇ ಗೊಂದಲ.

ಈಗ ಫೋಟೋಗೆ ಬರೋಣ. ಬಲತುದಿಯಲ್ಲಿ 1, ಆಮೇಲೆ 2, ಮತ್ತೆ 2. ಇವು ಖಚಿತ. ಎಡತುದಿಯ ಕೊನೆಯ ಅಂಕಿ ಸವೆದು, ಒಂದು ನೆಟ್ಟಗಿನ ಗೆರೆ ಮಾತ್ರ ಉಳಿದಿದೆ. ಪರ್ಷಿಯನ್ ಬರಹದ 4ಕ್ಕೂ 6ಕ್ಕೂ ಅಂಥ ಕಾಲು ಇರುತ್ತೆ. 7 ಆಗಿದ್ರೆ ಇಂಗ್ಲಿಷ್ ವಿ ಅಕ್ಷರದ ಹಾಗೆ ಕವಲೊಡೆದಿರಬೇಕು, ಇಲ್ಲಿ ಅದು ಕಾಣ್ತಿಲ್ಲ.

ಇಲ್ಲಿ ಆನೆಯ ಮೇಲಿರೋ ಪುಟ್ಟ ಅಕ್ಷರ ನೆರವಿಗೆ ಬರುತ್ತೆ. ಕೊನೆಯ ನಾಲ್ಕು ವರ್ಷಗಳ ತಾಮ್ರದ ನಾಣ್ಯಗಳಲ್ಲಿ ವರ್ಷಕ್ಕೊಂದು ಅಕ್ಷರ ಇದೆ: 1224ಕ್ಕೆ ಅಲಿಫ್, 1225ಕ್ಕೆ ಬೇ, 1226ಕ್ಕೆ ತೇ, 1227ಕ್ಕೆ ಸೇ. ಅಲಿಫ್ ಬರೀ ಗೆರೆ. ಉಳಿದ ಮೂರೂ ದೋಣಿಯಾಕಾರ. ಬೇಗೆ ಕೆಳಗೊಂದು ಚುಕ್ಕೆ, ತೇಗೆ ಮೇಲೆ ಎರಡು, ಸೇಗೆ ಮೇಲೆ ಮೂರು. ಫೋಟೋದಲ್ಲಿ ದೋಣಿ ಸ್ಪಷ್ಟ, ಹಾಗಾಗಿ 1224 ಅಲ್ಲ. ಮೇಲೆ ಎರಡು ಚುಕ್ಕೆ ಕಾಣ್ತವೆ. ಮೂರನೆಯದು ಸವೆದಿರಬಹುದು, ಆದ್ರೆ ಆಗ ಅಂಕಿ 7 ಆಗಬೇಕು, ಗೆರೆಗೆ ಅದು ಹೊಂದಲ್ಲ. ಅಕ್ಷರ, ಅಂಕಿ ಎರಡೂ ಒಂದೇ ಕಡೆ ಕೈ ತೋರಿಸ್ತಿವೆ: 1226, ಅಂದ್ರೆ 1798–99. ಇದನ್ನ "ಬಹುತೇಕ ಹೌದು" ಅಂತ ಬರೆದುಕೊಳ್ತೀನಿ.

ಹಿಂಬದಿಯಲ್ಲಿ "ಜರ್ಬ್", ಅಂದ್ರೆ ಟಂಕಿಸಿದ್ದು, ಅನ್ನೋದು ಸರಿಯಾಗಿ ಓದಬಹುದು. ಊರಿನ ಹೆಸರು ಪಟನ್, ಅಂದ್ರೆ ಶ್ರೀರಂಗಪಟ್ಟಣ, ಇರಬಹುದು. ನಗರ್ ಆಗಿದ್ರೆ ಗಾಫ್ ಅಕ್ಷರದ ಉದ್ದನೆಯ ಓರೆಗೆರೆ ಕಾಣಬೇಕಿತ್ತು. ಆದ್ರೆ ಆ ಭಾಗದಲ್ಲೇ ಹಸಿರು ಕಿಲುಬು ಕೂತಿದೆ, ಹಾಗಾಗಿ ಇದು ಊಹೆ ಮಾತ್ರ.

ಬೆಲೆಯ ಹೆಸರು ಅಂಚಿನಾಚೆ ಹೋಗಿಬಿಟ್ಟಿದೆ. ಟಿಪ್ಪುವಿನ ಪೈಸೆಗೆ ಜೊಹ್ರಾ (ಶುಕ್ರ), ಅರ್ಧ ಪೈಸೆಗೆ ಬಹ್ರಾಮ್ (ಮಂಗಳ) ಅಂತ ಹೆಸರು. ಫೋಟೋ ನೋಡಿ ಇದನ್ನ ಹೇಳೋಕಾಗಲ್ಲ, ತೂಕ ಬೇಕು. ಸುಮಾರು 11 ಗ್ರಾಂ ಇದ್ರೆ ಜೊಹ್ರಾ, ಅದರ ಅರ್ಧ ಇದ್ರೆ ಬಹ್ರಾಮ್.

ಅವರಿಗೆ ಹೇಳಿದ್ದು ಇಷ್ಟೇ: ನಾಣ್ಯ ಅಸಲಿ ಅಂತ ನಾನು ಹೇಳ್ತಿಲ್ಲ. ಇಸವಿ ನೋಡಿ ನಕಲಿ ಅಂದಿದ್ದು ಮಾತ್ರ ನಿಲ್ಲಲ್ಲ. ಎಸೀಬೇಡಿ, ಉಜ್ಜಲೂಬೇಡಿ, ಉಜ್ಜಿದ್ರೆ ಮೊದಲು ಹೋಗೋದು ಆ ಎರಡು ಚುಕ್ಕೆಗಳೇ. ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿಸಿ, ಪಕ್ಕದಿಂದ ಬೆಳಕು ಬೀಳೋ ಹಾಗೆ ಇನ್ನೊಂದು ಫೋಟೋ ಕಳಿಸಿ.