ಹಂತಗಳಿಲ್ಲದ ಸರಿಯುತ್ತರಕ್ಕೆ ಎಷ್ಟು ಅಂಕ?

ಗಣಿತದ ಉತ್ತರಪತ್ರಿಕೆ ಮನೆಗೆ ಬಂದ ದಿನ ಪೋಷಕರನ್ನು ಗೊಂದಲಕ್ಕೀಡುಮಾಡುವ ಸಂಗತಿಯೊಂದಿದೆ. ಉತ್ತರವನ್ನು ತಪ್ಪಿದ ವಿದ್ಯಾರ್ಥಿಗೆ ನಾಲ್ಕರಲ್ಲಿ ಮೂರು ಅಂಕ ದೊರೆತಿರುತ್ತದೆ. ಅದೇ ಪ್ರಶ್ನೆಗೆ ಸರಿಯುತ್ತರ ಬರೆದವನಿಗೆ ಒಂದೇ ಅಂಕ. ಇದು ಅನ್ಯಾಯವೆಂದು ತೋರುವುದು ಸಹಜ. ಆದರೆ ಪ್ರಶ್ನೆಯಲ್ಲಿ ‘ಹಂತಗಳನ್ನು ತೋರಿಸಿ’ ಎಂಬ ಸೂಚನೆಯಿದ್ದರೆ ಈ ಎರಡೂ ಅಂಕಗಳು ಸರಿಯಾಗಿಯೇ ಇರಬಹುದು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಬರೆಯುವ ಕೇರಳ ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ಗಣಿತಕ್ಕೆ ಲಿಖಿತವಾಗಿ 80 ಅಂಕಗಳಿದ್ದು, ಹತ್ತನೆಯ ತರಗತಿಯ ಎರಡನೆಯ ಕೃತಿಯ ಸಮೀಕರಣಗಳು ಇದಕ್ಕೆ ತಕ್ಕ ಉದಾಹರಣೆ ಒದಗಿಸುತ್ತವೆ.

ಪ್ರಶ್ನೆ ಹೀಗಿದೆಯೆಂದು ಇಟ್ಟುಕೊಳ್ಳೋಣ: ‘ಒಂದು ಆಯತದ ಉದ್ದವು ಅಗಲಕ್ಕಿಂತ 4 ಸೆಂ.ಮೀ. ಹೆಚ್ಚು. ವಿಸ್ತೀರ್ಣ 96 ಚ.ಸೆಂ.ಮೀ. ಬದಿಗಳ ಅಳತೆಯನ್ನು ಕಂಡುಹಿಡಿಯಿರಿ. ಹಂತಗಳನ್ನು ತೋರಿಸಿ.’ ಅಂಕ ನಾಲ್ಕು. ಮೌಲ್ಯಮಾಪಕರ ಕೈಯಲ್ಲಿರುವ ಅಂಕಸೂಚಿಯು ಇಂತಹ ಪ್ರಶ್ನೆಯ ಅಂಕಗಳನ್ನು ಬಿಡಿಸಿ ಹಂಚುತ್ತದೆ. ಅಗಲವನ್ನು x ಎಂದು ತೆಗೆದುಕೊಂಡು x(x + 4) = 96 ಎಂಬ ಸಮೀಕರಣ ರಚಿಸಿದ್ದಕ್ಕೆ ಒಂದು; ಎರಡೂ ಕಡೆ 4 ಕೂಡಿಸಿ x² + 4x + 4 = 100, ಅಂದರೆ (x + 2)² = 100 ಎಂದು ವರ್ಗ ಪೂರ್ಣಗೊಳಿಸಿದ್ದಕ್ಕೆ ಒಂದು; x + 2 = 10, x = 8 ಎಂದು ಬಿಡಿಸಿದ್ದಕ್ಕೆ ಒಂದು; ಬದಿಗಳು 8 ಸೆಂ.ಮೀ. ಮತ್ತು 12 ಸೆಂ.ಮೀ. ಎಂದದ್ದಕ್ಕೆ ಕೊನೆಯ ಒಂದು. ಮೂರನೆಯ ಹಂತದವರೆಗೆ ಸರಿಯಾಗಿ ಬಂದು, ಉದ್ದವನ್ನು ಅವಸರದಲ್ಲಿ 14 ಎಂದು ಬರೆದ ಬಾಲಕಿಗೆ ಮೂರು ಅಂಕ ಬರುವುದು ಹೀಗೆ.

ಈಗ ‘8 ಸೆಂ.ಮೀ., 12 ಸೆಂ.ಮೀ.’ ಎಂದಷ್ಟೇ ಬರೆದ ಬಾಲಕನನ್ನು ನೋಡೋಣ. ಅವನ ಬರಹವು ಅಂಕಸೂಚಿಯ ನಾಲ್ಕನೆಯ ಭಾಗವನ್ನು ಮಾತ್ರ ಪೂರೈಸುತ್ತದೆ. ಆದುದರಿಂದ ಒಂದು ಅಂಕ. ಕೆಲವು ಅಧ್ಯಾಪಕರು x = 8 ಎಂಬುದೂ ಇದರಲ್ಲಿ ಅಡಗಿದೆಯೆಂದು ಎರಡು ಕೊಡುವುದುಂಟು. ಆ ವಾದವನ್ನು ಒಪ್ಪುವುದು ಕಷ್ಟ. ಮೂರನೆಯ ಅಂಕವಿರುವುದು ಬಿಡಿಸಿದ ಕೆಲಸಕ್ಕೆ, 8 ಎಂಬ ಸಂಖ್ಯೆಗಲ್ಲ. ಸೊನ್ನೆ ಕೊಡುವುದೂ ತಪ್ಪು. ಸರಿಯುತ್ತರಕ್ಕೆಂದು ಮೀಸಲಿಟ್ಟ ಅಂಕವನ್ನು ಸರಿಯುತ್ತರ ಬರೆದವನಿಗೆ ನಿರಾಕರಿಸಲು, ಅಂಕಸೂಚಿಯಲ್ಲಿ ಹಾಗೆ ಸ್ಪಷ್ಟವಾಗಿ ಹೇಳಿರದ ಹೊರತು, ಕಾರಣವಿಲ್ಲ.

ಬಾಲಕನು ಮನಸ್ಸಿನಲ್ಲಿಯೇ ಸಮೀಕರಣ ಬಿಡಿಸಿರಬಹುದಲ್ಲವೇ ಎಂಬ ಪ್ರಶ್ನೆ ಏಳುತ್ತದೆ. ಬಿಡಿಸಿರಬಹುದು. ಆದರೆ 96ನ್ನು ಎರಡು ಸಂಖ್ಯೆಗಳ ಗುಣಲಬ್ಧವಾಗಿ ಒಡೆಯುತ್ತಾ ಹೋದವನಿಗೂ, ಪಕ್ಕದವನ ಹಾಳೆಯನ್ನು ಕದ್ದು ನೋಡಿದವನಿಗೂ ದೊರೆಯುವುದು ಇದೇ 8 ಮತ್ತು 12. ಕಾಗದದ ಮೇಲೆ ಈ ಮೂವರ ನಡುವೆ ವ್ಯತ್ಯಾಸವಿಲ್ಲ, ಮೌಲ್ಯಮಾಪಕರಿಗೆ ಕಾಗದವಲ್ಲದೆ ಬೇರೇನೂ ಕಾಣುವುದಿಲ್ಲ. ಸೂಚನೆ ಇಲ್ಲದಿದ್ದರೆ ಮಾತು ಬೇರೆ. ಇಂಗ್ಲೆಂಡಿನ ಜಿಸಿಎಸ್‌ಇ ಗಣಿತ ಪರೀಕ್ಷೆಯಲ್ಲಿ, ವಿಧಾನವನ್ನು ತೋರಿಸಬೇಕೆಂದು ಪ್ರಶ್ನೆಯೇ ಕೇಳದಿದ್ದಾಗ, ಬರಿಯ ಸರಿಯುತ್ತರಕ್ಕೂ ಸಾಮಾನ್ಯವಾಗಿ ಪೂರ್ಣ ಅಂಕ ದೊರೆಯುತ್ತದೆ; ಕೇಳಿದಾಗ ದೊರೆಯುವುದಿಲ್ಲ. ‘ಹಂತಗಳನ್ನು ತೋರಿಸಿ’ ಎಂಬ ಮಾತು ವಿಧಾನವನ್ನೂ ಉತ್ತರದ ಒಂದು ಭಾಗವನ್ನಾಗಿ ಮಾಡಿಬಿಡುತ್ತದೆ.

ನಿಜವಾಗಿ ಕಷ್ಟವಾಗುವುದು ಪೂರ್ತಿ ಬರಿದಾದ ಉತ್ತರದಲ್ಲಿ ಅಲ್ಲ, ನಡುವಿನ ಸ್ಥಿತಿಗಳಲ್ಲಿ. ಬಾಲಕನು ಉತ್ತರದ ಕೆಳಗೆ ‘12 − 8 = 4, 12 × 8 = 96’ ಎಂದು ಒಂದು ಸಾಲು ಬರೆದಿದ್ದಾನೆ ಎನ್ನಿ. ಇದು ತಾಳೆ ನೋಡಿದ್ದು ಮಾತ್ರ, ಬಿಡಿಸಿದ್ದಲ್ಲ. ಆದರೂ ಪ್ರಶ್ನೆಯ ಎರಡು ನಿಬಂಧನೆಗಳನ್ನು ಅವನು ಗಣಿತದ ಭಾಷೆಗೆ ತಂದಿರುವುದು ಇಲ್ಲಿ ಕಣ್ಣಿಗೆ ಕಾಣುತ್ತದೆ. ಸಮೀಕರಣ ರಚನೆಗೆ ಇಟ್ಟ ಅಂಕವು ಪರೀಕ್ಷಿಸುವುದೂ ಆ ತಿಳಿವಳಿಕೆಯನ್ನೇ. ಎರಡು ಅಂಕ ಕೊಡುವುದು ನ್ಯಾಯವೆಂದು ತೋರುತ್ತದೆ.

ಇನ್ನೊಬ್ಬಳು ಬಾಲಕಿ ಬೀಜಗಣಿತದ ಗೊಡವೆಗೇ ಹೋಗದೆ 1 × 96, 2 × 48, 3 × 32, 4 × 24, 6 × 16, 8 × 12 ಎಂದು ಪಟ್ಟಿ ಮಾಡಿ, ವ್ಯತ್ಯಾಸಗಳು 95, 46, 29, 20, 10, 4 ಎಂದು ಬರೆದು, ಕೊನೆಯದನ್ನು ಆರಿಸಿದ್ದಾಳೆ. ಇವು ಹಂತಗಳೇ. ಅಂಕಸೂಚಿಯಲ್ಲಿ ಇರುವುದು ಒಂದು ಮಾದರಿ ಉತ್ತರವಷ್ಟೇ. ಬೇರೆ ಸರಿಯಾದ ದಾರಿಗೂ ಅಂಕವಿರಬೇಕು. ಕೊರತೆ ಇರುವುದು ಒಂದೇ ಕಡೆ: ಬದಿಗಳು ಪೂರ್ಣಸಂಖ್ಯೆಗಳೇ ಆಗಿರಬೇಕೆಂದು ಪ್ರಶ್ನೆ ಹೇಳಿಲ್ಲ. ಆದ್ದರಿಂದ ಮೂರು ಅಂಕ. ‘ವಿಸ್ತೀರ್ಣ ಬದಲಾಗದೆ ಅಗಲ ಹೆಚ್ಚಿದಂತೆ ಉದ್ದ ಕಡಿಮೆಯಾಗುತ್ತದೆ, ವ್ಯತ್ಯಾಸ ಇಳಿಯುತ್ತಲೇ ಹೋಗುತ್ತದೆ, ಹಾಗಾಗಿ 4 ಎಂಬ ವ್ಯತ್ಯಾಸ ಒಮ್ಮೆ ಮಾತ್ರ ಬರುತ್ತದೆ’ ಎಂದು ಆಕೆ ಸೇರಿಸಿದ್ದರೆ ನಾಲ್ಕೂ ಅಂಕಗಳಿಗೆ ಅರ್ಹಳು. ಪ್ರಶ್ನೆಯು ‘ಸಮೀಕರಣ ರಚಿಸಿ ಬಿಡಿಸಿ’ ಎಂದು ಕೇಳಿದ್ದರೆ ಮಾತ್ರ ಈ ದಾರಿ ಸಾಲದು.

ಹಂತಗಳಿದ್ದು ಅವು ಉತ್ತರಕ್ಕೆ ಒಯ್ಯದಿರುವ ಸಂದರ್ಭವೂ ಇದೆ. x(x + 4) = 96 ಎಂದು ಸರಿಯಾಗಿ ಆರಂಭಿಸಿ, ಮುಂದಿನ ಸಾಲಿನಲ್ಲಿ x² + 4 = 96 ಎಂದು ತಪ್ಪಾಗಿ ಬಿಡಿಸಿ, ಅದರ ಕೆಳಗೆ x = 8 ಎಂದು ಬರೆದರೆ, ಆ ಎಂಟು ಮೇಲಿನ ಸಾಲಿನಿಂದ ಬಂದದ್ದಲ್ಲ; 8² + 4 ಎಂದರೆ 68. ಉತ್ತರ ಬೇರೆಲ್ಲಿಂದಲೋ ಬಂದಿದೆ. ಇಲ್ಲಿ ಸಮೀಕರಣದ ಒಂದು ಅಂಕ ಖಚಿತ. ಕೊನೆಯ ಅಂಕದ ಬಗ್ಗೆ ಮೌಲ್ಯಮಾಪಕರಲ್ಲಿಯೇ ಭಿನ್ನಾಭಿಪ್ರಾಯವಿರುತ್ತದೆ.

ಮನೆಯವರು ಮೊದಲು ನೋಡಬೇಕಾದದ್ದು ಪ್ರಶ್ನೆಪತ್ರಿಕೆಯ ಕನ್ನಡ ವಾಕ್ಯವನ್ನು. ‘ಹಂತಗಳನ್ನು ತೋರಿಸಿ’, ‘ವಿವರಿಸಿ’, ‘ಹೇಗೆಂದು ಬರೆಯಿರಿ’ ಎಂಬ ಮಾತು ಅದರಲ್ಲಿ ಇದೆಯೇ? ಮಲಯಾಳ ಪ್ರತಿಯಲ್ಲಿ ಇದ್ದು ಕನ್ನಡ ಅನುವಾದದಲ್ಲಿ ಬಿಟ್ಟುಹೋಗಿದ್ದರೆ, ಮಗು ಓದಿದ್ದು ಕನ್ನಡವನ್ನು. ಆ ಸೂಚನೆಯ ಹೆಸರಿನಲ್ಲಿ ಅಂಕ ಕಡಿಯುವಂತಿಲ್ಲ. ಅನಂತರ ಉತ್ತರಪತ್ರಿಕೆಯ ಅಂಚುಗಳನ್ನೂ ಕೊನೆಯ ಪುಟವನ್ನೂ ನೋಡಬೇಕು. ಅಂಚಿನಲ್ಲಿ ಸಣ್ಣದಾಗಿ ಬರೆದ (x + 2)² = 100 ಕೂಡ ಹಂತವೇ; ಕಣ್ತಪ್ಪಿ ಅದಕ್ಕೆ ಅಂಕ ಬೀಳದಿರಬಹುದು. ಆದರೆ ಗೀಟು ಎಳೆದು ಹೊಡೆದುಹಾಕಿದ್ದರೆ, ಮಗುವೇ ಅದನ್ನು ಹಿಂತೆಗೆದುಕೊಂಡಿತೆಂದು ಭಾವಿಸಲು ಅವಕಾಶವಾಗುತ್ತದೆ.

ಎಸ್‌ಎಸ್‌ಎಲ್‌ಸಿಯಲ್ಲಿ ಉತ್ತರಪತ್ರಿಕೆಯ ನಕಲು, ಸೂಕ್ಷ್ಮ ಪರಿಶೀಲನೆ, ಮರುಮೌಲ್ಯಮಾಪನ ಎಂಬ ಮೂರು ದಾರಿಗಳಿವೆ. ಅಂಕ ಕೂಡಿಸಿದ್ದು ತಪ್ಪಿದೆಯೇ, ಯಾವುದಾದರೂ ಉತ್ತರ ಅಂಕ ಕಾಣದೆ ಉಳಿದಿದೆಯೇ ಎಂಬುದಕ್ಕೆ ಸೂಕ್ಷ್ಮ ಪರಿಶೀಲನೆ; ಕೊಟ್ಟ ಅಂಕವನ್ನೇ ಪ್ರಶ್ನಿಸುವುದಕ್ಕೆ ಮರುಮೌಲ್ಯಮಾಪನ. ‘ಉತ್ತರ ಸರಿಯಿದೆ, ನಾಲ್ಕೂ ಅಂಕ ಬೇಕು’ ಎಂಬ ಒಂದೇ ಕಾರಣಕ್ಕೆ ಶುಲ್ಕ ಕಟ್ಟಿದರೆ ನಿರಾಶೆಯೇ ಹೆಚ್ಚು. ಅಂಚಿನ ಬರಹವನ್ನು ನೋಡದೆ ಬಿಟ್ಟಿದ್ದರೆ, ಬೇರೆ ದಾರಿಯ ಹಂತಗಳನ್ನು ಹಂತಗಳೆಂದು ಪರಿಗಣಿಸದಿದ್ದರೆ, ಸರಿಯುತ್ತರದ ಆ ಒಂದು ಅಂಕವೂ ಬಿದ್ದಿಲ್ಲದಿದ್ದರೆ ಅರ್ಜಿ ಹಾಕುವುದರಲ್ಲಿ ಅರ್ಥವಿದೆ.